ಮಷೀನ್ ರೂಪಾಯಿಯಲ್ಲಿ ಕೇಳಿದಾಗ

“ಅಕ್ಕಾ, ಬಂದು ಎರಡು ವಾರ ಆಯ್ತು. ಇಲ್ಲಿನ ಖಾತೆ ಇನ್ನೂ ತೆರೆದಿಲ್ಲ, ಊರಿನ ಬ್ಯಾಂಕಿನ ಕಾರ್ಡೇ ಗತಿ. ಕಾರ್ಡ್ ಇಟ್ಟ ಕೂಡಲೇ ಮಷೀನ್ ‘ಯೂರೋನಾ, ರೂಪಾಯಿನಾ’ ಅಂತ ಕೇಳುತ್ತೆ. ರೂಪಾಯಿ ಒತ್ತಿದರೆ ಎಷ್ಟು ಹೋಯ್ತು ಅಂತ ಅಲ್ಲೇ ಗೊತ್ತಾಗುತ್ತಲ್ಲ? ಬ್ಯಾಂಕಿನ ವಿನಿಮಯ ಶುಲ್ಕನೂ ಉಳಿಯುತ್ತೆ ಅಂತ ಕೌಂಟರಿನವರು ಹೇಳಿದರು. ಯಾವುದು ಒಳ್ಳೇದು?”

ಯೂರೋ ಒತ್ತಿ. ನೂರಕ್ಕೆ ತೊಂಬತ್ತು ಸಲ ಅದೇ ಅಗ್ಗ. ಉಳಿದ ಹತ್ತು ಸಲದ ಮಾತನ್ನೂ ಹೇಳುತ್ತೇನೆ, ಆದರೆ ಮೊದಲು ಆ ಪ್ರಶ್ನೆ ಕೇಳುತ್ತಿರುವುದು ಯಾರು ಅಂತ ನೋಡೋಣ.

ಕೇಳುತ್ತಿರುವುದು ನಿಮ್ಮ ಬ್ಯಾಂಕ್ ಅಲ್ಲ. ಕಾರ್ಡಿನ ನಂಬರಿನ ಮೊದಲ ಆರೆಂಟು ಅಂಕಿ ನೋಡಿದರೆ ಸಾಕು, ಅದು ಯಾವ ದೇಶದ ಯಾವ ಬ್ಯಾಂಕಿನದ್ದು ಅಂತ ಮಷೀನಿಗೆ ತಿಳಿಯುತ್ತದೆ. ರೂಪಾಯಿ ಕಾರ್ಡ್ ಅಂತ ಗೊತ್ತಾದ ಕೂಡಲೇ ಅಂಗಡಿಗೆ ಮಷೀನ್ ಕೊಟ್ಟವರು ನಡುವೆ ಬಂದು, ‘ಯೂರೋವನ್ನು ರೂಪಾಯಿ ಮಾಡುವ ಕೆಲಸ ನಾವೇ ಮಾಡಿಕೊಡುತ್ತೇವೆ’ ಅನ್ನುತ್ತಾರೆ. ಇದಕ್ಕೆ ಡೈನಾಮಿಕ್ ಕರೆನ್ಸಿ ಕನ್ವರ್ಷನ್ ಅಂತ ಹೆಸರು, ಚಿಕ್ಕದಾಗಿ ಡಿಸಿಸಿ. ದರ ಅವರದ್ದೇ. ಆ ದರದೊಳಗೆ ಅವರ ಲಾಭ ಸೇರಿರುತ್ತದೆ, ಅದರಲ್ಲಿ ಒಂದು ಪಾಲು ಅಂಗಡಿಗೂ ಹೋಗುತ್ತದೆ. ಕೌಂಟರಿನವರಿಗೆ ನಿಮ್ಮ ಶುಲ್ಕದ ಬಗ್ಗೆ ಅಷ್ಟೊಂದು ಕಾಳಜಿ ಯಾಕೆ ಅಂತ ಈಗ ಅರ್ಥ ಆಯ್ತಲ್ವಾ? ಎಲ್ಲರೂ ಬೇಕಂತಲೇ ಹೇಳುತ್ತಾರೆ ಅಂತಲ್ಲ. ಎಷ್ಟೋ ಜನ ತಮಗೆ ಹೇಳಿಕೊಟ್ಟದ್ದನ್ನು ಸುಮ್ನೆ ಒಪ್ಪಿಸುತ್ತಾರೆ.

ನೀವು ಯೂರೋ ಒತ್ತಿದರೆ ಲೆಕ್ಕ ಬೇರೆ ದಾರಿಯಲ್ಲಿ ಹೋಗುತ್ತದೆ. ಬಿಲ್ಲು ಯೂರೋದಲ್ಲೇ ವೀಸಾ ಅಥವಾ ಮಾಸ್ಟರ್‌ಕಾರ್ಡ್ ಜಾಲಕ್ಕೆ ಹೋಗುತ್ತದೆ. ಅವರ ಆ ದಿನದ ದರದಲ್ಲಿ ಅದು ರೂಪಾಯಿ ಆಗುತ್ತದೆ. ಆ ದರ ಮಾರುಕಟ್ಟೆ ದರಕ್ಕೆ ತೀರಾ ಹತ್ತಿರ ಇರುತ್ತದೆ. ಅದರ ಮೇಲೆ ನಿಮ್ಮ ಬ್ಯಾಂಕ್ ತನ್ನ ಮಾರ್ಕಪ್ ಹಾಕುತ್ತದೆ. ಊರಿನ ಬಹಳಷ್ಟು ಕಾರ್ಡುಗಳಲ್ಲಿ ಇದು ಶೇಕಡಾ 3.5 ಇರುತ್ತದೆ, ಕೆಲವದರಲ್ಲಿ 2, ಕೆಲವದರಲ್ಲಿ ಏನೂ ಇಲ್ಲ. ಆ ಮಾರ್ಕಪ್ ಮೇಲೆ ಮತ್ತೆ ಶೇಕಡಾ 18 ಜಿಎಸ್‌ಟಿ.

ಈಗ ಒಂದು ಬಿಲ್ಲು ತೆಗೆದುಕೊಳ್ಳೋಣ. 200 ಯೂರೋ. ಲೆಕ್ಕ ಸುಲಭವಾಗಲಿ ಅಂತ ಜಾಲದ ದರ ಯೂರೋಗೆ 100 ರೂಪಾಯಿ ಅಂದುಕೊಳ್ಳಿ. ಯೂರೋ ಒತ್ತಿದರೆ ಮೂಲ ಮೊತ್ತ 20,000. ನಿಮ್ಮದು 3.5ರ ಕಾರ್ಡ್ ಆದರೆ ಮಾರ್ಕಪ್ 700, ಅದರ ಜಿಎಸ್‌ಟಿ 126. ಒಟ್ಟು 20,826 ರೂಪಾಯಿ. ಸ್ಟೇಟ್‌ಮೆಂಟಿನಲ್ಲಿ ಆ ಮಾರ್ಕಪ್ ಬೇರೆ ಸಾಲಿನಲ್ಲಿ ಕಂಡರೆ ಹೊಟ್ಟೆ ಉರಿಯುತ್ತದೆ, ನಿಜ. ಅದನ್ನೇ ಹಿಡಿದು ‘ಶುಲ್ಕ ಉಳಿಯುತ್ತೆ’ ಅಂತ ನಿಮಗೆ ಹೇಳಿದ್ದು.

ರೂಪಾಯಿ ಒತ್ತಿದರೆ? ಡಿಸಿಸಿ ದರದಲ್ಲಿ ಶೇಕಡಾ 8 ಸೇರಿದೆ ಅಂದುಕೊಳ್ಳಿ. ಇದು ಹೆಚ್ಚೇನೂ ಅಲ್ಲ. ಮಷೀನ್ ತೋರಿಸುವ ದರ ಯೂರೋಗೆ 108, ಮೊತ್ತ 21,600. ಪಕ್ಕದಲ್ಲಿ ‘ಕಮಿಷನ್ ಇಲ್ಲ’ ಅಂತಲೂ ಬರೆದಿರಬಹುದು. ಇಲ್ಲದೆ ಏನು, ಅದು ದರದ ಹೊಟ್ಟೆಯೊಳಗೇ ಇದೆ.

ಕಥೆ ಅಲ್ಲಿಗೂ ಮುಗಿಯುವುದಿಲ್ಲ, ಹೊಸಬರು ಎಡವುವುದು ಇಲ್ಲೇ. ರೂಪಾಯಿಯಲ್ಲಿ ಕೊಟ್ಟರೂ ಅಂಗಡಿ ಇರುವುದು ವಿದೇಶದಲ್ಲಿ. ಹಾಗಾಗಿ ಊರಿನ ಹಲವು ಬ್ಯಾಂಕುಗಳು ‘ವಿದೇಶದಲ್ಲಿ ರೂಪಾಯಿ ವಹಿವಾಟು’ ಅಂತ ಬೇರೆ ಒಂದು ಶುಲ್ಕ ಹಾಕುತ್ತವೆ, ಸಾಮಾನ್ಯವಾಗಿ ಶೇಕಡಾ 1, ಜೊತೆಗೆ ಜಿಎಸ್‌ಟಿ. ಅಲ್ಲಿಗೆ ಇನ್ನೊಂದು 216, ಅದರ ತೆರಿಗೆ ಸುಮಾರು 39. ಒಟ್ಟು 21,855. ಯೂರೋದಲ್ಲಿ ಕೊಟ್ಟಿದ್ದರೆ ಆಗುತ್ತಿದ್ದದ್ದಕ್ಕಿಂತ ಸಾವಿರ ರೂಪಾಯಿ ಜಾಸ್ತಿ. ಮಾರ್ಕಪ್ಪೇ ಇಲ್ಲದ ಕಾರ್ಡ್ ನಿಮ್ಮದಾಗಿದ್ದರಂತೂ ಬರೀ 20,000ಕ್ಕೆ ಮುಗಿಯುತ್ತಿತ್ತು. ಅಂಥ ಕಾರ್ಡ್ ಇಟ್ಟುಕೊಂಡು ರೂಪಾಯಿ ಒತ್ತಿದರೆ, ಅದನ್ನು ಮಾಡಿಸಿಕೊಂಡದ್ದೇ ದಂಡ.

ಇನ್ನು ಆ ಹತ್ತು ಸಲದ ಮಾತು. ಡಿಸಿಸಿ ಲಾಭ ಬರೀ ಶೇಕಡಾ 3 ಇದ್ದರೆ? ಮೊತ್ತ 20,600, ಬ್ಯಾಂಕಿನ ಆ 1 ಶೇಕಡಾ ತೆರಿಗೆ ಸಮೇತ 243, ಒಟ್ಟು 20,843. ಯೂರೋ ದಾರಿಗಿಂತ ಹದಿನೇಳು ರೂಪಾಯಿ ಮಾತ್ರ ಹೆಚ್ಚು, ಅಂದರೆ ಸರಿಸಮ. 3ಕ್ಕಿಂತ ಕೆಳಗೆ ಇಳಿದರೆ, ಅಥವಾ ನಿಮ್ಮ ಬ್ಯಾಂಕ್ ಆ 1 ಶೇಕಡಾ ಹಾಕದೆ ಇದ್ದರೆ, ರೂಪಾಯಿಯೇ ಗೆಲ್ಲಬಹುದು. ಆದರೆ ಅದು 3.5ರ ಕಾರ್ಡಿಗೆ ಮಾತ್ರ. ನನ್ನ ಅನುಭವದಲ್ಲಿ ಅಷ್ಟು ಕಡಿಮೆ ಲಾಭದ ದರ ಕಾಣುವುದು ಅಪರೂಪ. ಕ್ಯೂನಲ್ಲಿ ನಿಂತು ಈ ಲೆಕ್ಕ ಹಾಕುವವರೂ ಯಾರಿಲ್ಲ.

ಎಷ್ಟು ಹೋಯ್ತು ಅಂತ ಅಲ್ಲೇ ಗೊತ್ತಾಗುತ್ತೆ ಅಂದಿರಿ. ಅದು ಸರಿಯೇ. ಯೂರೋ ಒತ್ತಿದರೆ ಕೊನೆಯ ರೂಪಾಯಿ ಮೊತ್ತ ಒಂದೆರಡು ದಿನ ಬಿಟ್ಟು, ವಹಿವಾಟು ಪೂರ್ತಿಯಾದಾಗ ಗೊತ್ತಾಗುತ್ತದೆ. ಅಷ್ಟರಲ್ಲಿ ದರ ಸ್ವಲ್ಪ ಆಚೀಚೆ ಆಗಬಹುದು. ಆದರೆ ಎರಡು ದಿನಕ್ಕೆ ಶೇಕಡಾ 8ರಷ್ಟು ಆಗುವುದು ತೀರಾ ಅಪರೂಪ. ಅಂದಾಜು ಬೇಕಿದ್ದರೆ ವೀಸಾ, ಮಾಸ್ಟರ್‌ಕಾರ್ಡ್ ಎರಡರ ವೆಬ್‌ಸೈಟಿನಲ್ಲೂ ದರ ನೋಡುವ ಪುಟ ಇದೆ. ತಾರೀಕು, ಎರಡೂ ಕರೆನ್ಸಿ, ಬ್ಯಾಂಕ್ ಶುಲ್ಕ ಹಾಕಿದರೆ ಮೊತ್ತ ಬರುತ್ತದೆ. ಒಮ್ಮೆ ಮನೆಯಲ್ಲಿ ಕೂತು ನಿಮ್ಮ ಹಳೇ ಚೀಟಿಯೊಂದರ ಪಕ್ಕ ಇಟ್ಟು ನೋಡಿ. ನಾನು ಹೇಳಿದ್ದಕ್ಕಿಂತ ಅದು ಬೇಗ ಮನಸ್ಸಿಗೆ ಹತ್ತುತ್ತದೆ.

ಮಷೀನಿನ ಮುಂದೆ ಗಮನಿಸಬೇಕಾದದ್ದು ಇಷ್ಟೇ. ಪರದೆಯ ಮೇಲೆ EUR ಮತ್ತು INR ಎರಡೂ ಮೊತ್ತ ಬರಬೇಕು, ದರ ಬರಬೇಕು, ಆರಿಸುವುದು ನೀವಾಗಿರಬೇಕು. ಕಾರ್ಡ್ ಜಾಲಗಳ ನಿಯಮವೇ ಹಾಗಿದೆ. ನಿಮ್ಮನ್ನು ಕೇಳದೆ ಅಂಗಡಿಯವರು ಆರಿಸುವಂತಿಲ್ಲ. ಆದರೆ ಕೆಲವು ಮಷೀನುಗಳಲ್ಲಿ ಹಸಿರು ಬಟನ್ ಒತ್ತಿದರೆ INR, ಯೂರೋ ಬೇಕಾದರೆ ಇನ್ನೊಂದು ಬಟನ್. ಪಿನ್ ಹಾಕಿದ ಮೇಲೆ ಹಸಿರು ಒತ್ತುವುದು ಕೈಗೆ ರೂಢಿಯಾಗಿರುತ್ತದೆ, ಓದದೆ ಒತ್ತಿಬಿಡುತ್ತೇವೆ. ಅದಕ್ಕೇ ಕಾರ್ಡ್ ಕೊಡುವಾಗಲೇ ‘ಯೂರೋದಲ್ಲಿ ಹಾಕಿ’ ಅಂತ ಬಾಯಿಬಿಟ್ಟು ಹೇಳುವುದನ್ನು ನಾನು ಅಭ್ಯಾಸ ಮಾಡಿಕೊಂಡೆ.

ಆ ಅಭ್ಯಾಸ ಬಂದದ್ದು ಒಂದು ಹೋಟೆಲಿನಿಂದ. ಹೊಸದಾಗಿ ಬಂದಿದ್ದಾಗಿನ ಮಾತು. ರೂಮ್ ಬಿಡುವಾಗ ರಿಸೆಪ್ಷನ್ನಿನವರು ಮಷೀನನ್ನು ತಮ್ಮ ಕಡೆ ತಿರುಗಿಸಿಕೊಂಡು ಏನೋ ಒತ್ತಿ, ಆಮೇಲೆ ಪಿನ್ನಿಗೆ ನನ್ನ ಕಡೆ ಇಟ್ಟರು. ಚೀಟಿ ಬಂದಾಗ ರೂಪಾಯಿಯಲ್ಲಿತ್ತು. ಕೆಳಗೆ ಸಣ್ಣ ಅಕ್ಷರದಲ್ಲಿ, ನನಗೆ ಆಯ್ಕೆ ಕೊಡಲಾಗಿತ್ತು, ನಾನು ಒಪ್ಪಿದ್ದೇನೆ ಅಂತ! ಬಾಗಿಲವರೆಗೆ ಹೋಗಿದ್ದವಳು ವಾಪಸ್ ಬಂದು, ಇದನ್ನು ರದ್ದು ಮಾಡಿ ಯೂರೋದಲ್ಲಿ ಮತ್ತೆ ಹಾಕಿ ಅಂದೆ. ಆಗೋದಿಲ್ಲ ಅಂದರು. ಮ್ಯಾನೇಜರ್ ಬಂದ ಮೇಲೆ ಆಯ್ತು.

ಇದರಲ್ಲಿ ಒಂದು ಸೂಕ್ಷ್ಮ ಇದೆ. ಅದೇ ದಿನ, ಅಂಗಡಿಯವರು ದಿನದ ಲೆಕ್ಕ ಬ್ಯಾಂಕಿಗೆ ಕಳಿಸುವ ಮೊದಲು ಆದರೆ ವಹಿವಾಟನ್ನೇ ರದ್ದು ಮಾಡಬಹುದು. ಹಣ ನಿಮ್ಮ ಖಾತೆಯಿಂದ ಪೂರ್ತಿ ಹೋಗುವುದೇ ಇಲ್ಲ. ಮರುದಿನ ಹೋದರೆ ಅದು ರೀಫಂಡ್ ಆಗುತ್ತದೆ. ಆಗ ಬೇರೆ ದಿನದ ದರದಲ್ಲಿ ಲೆಕ್ಕವಾದರೆ ಕೊಟ್ಟಷ್ಟೇ ವಾಪಸ್ ಬರುವ ಖಾತ್ರಿ ಇಲ್ಲ. ಹಾಗಾಗಿ ಚೀಟಿಯನ್ನು ಕೌಂಟರ್ ಬಿಡುವ ಮೊದಲೇ ನೋಡಿ. ಒಪ್ಪದಿದ್ದರೆ ಚೀಟಿಯ ಫೋಟೋ ತೆಗೆದು, ನಿಮ್ಮ ಬ್ಯಾಂಕಿಗೆ ‘ಕರೆನ್ಸಿ ಆಯ್ಕೆ ಕೊಡಲಿಲ್ಲ’ ಅಂತ ದೂರು ಕೊಡಬಹುದು. ನೀವೇ ಹಸಿರು ಒತ್ತಿದ್ದರೆ ಮಾತ್ರ ಆ ದೂರು ನಿಲ್ಲುವುದಿಲ್ಲ. ಹೋಟೆಲ್, ಬಾಡಿಗೆ ಕಾರಿನ ಕಡೆ ಇನ್ನೊಂದು ಜಾಗರೂಕತೆ ಬೇಕು. ಮೊದಲ ದಿನ ಸಹಿ ಹಾಕಿಸುವ ಕಾಗದದಲ್ಲೇ ‘ಕಾರ್ಡಿನ ಕರೆನ್ಸಿಯಲ್ಲಿ ಬಿಲ್ ಮಾಡಬಹುದು’ ಅನ್ನುವ ಸಾಲು ಇರುವುದುಂಟು.

ಎಟಿಎಂ ವಿಷಯ ಇನ್ನೂ ಕಿರಿಕಿರಿ. ಅಲ್ಲಿ ಲಾಭದ ಶೇಕಡಾವಾರು ಅಂಗಡಿಗಿಂತ ಜಾಸ್ತಿ ಇರುವುದೇ ಹೆಚ್ಚು, ಹತ್ತು ದಾಟಿದ್ದನ್ನೂ ನೋಡಿದ್ದೇನೆ. ಮಾತೂ ಹೆದರಿಸುವ ಹಾಗೆ ಇರುತ್ತದೆ. ಒಂದು ಕಡೆ ‘ACCEPT CONVERSION’, ಇನ್ನೊಂದು ಕಡೆ ‘DECLINE CONVERSION’. ಡಿಕ್ಲೈನ್ ಅಂದರೆ ದುಡ್ಡೇ ಬರೋದಿಲ್ಲ ಅಂತ ಹೊಸಬರು ಅಂದುಕೊಳ್ಳುತ್ತಾರೆ. ಹಾಗೇನಿಲ್ಲ, ದುಡ್ಡು ಬಂದೇ ಬರುತ್ತದೆ. ನೀವು ಬೇಡ ಅಂದದ್ದು ಅವರ ದರವನ್ನು ಮಾತ್ರ. ಡಿಕ್ಲೈನ್ ಒತ್ತಿದ ಮೇಲೂ ಕೆಲವು ಯಂತ್ರಗಳು ‘ಖಂಡಿತವಾಗಿ?’ ಅಂತ ಇನ್ನೊಮ್ಮೆ ಕೇಳುತ್ತವೆ. ಆಗಲೂ ಡಿಕ್ಲೈನೇ ಒತ್ತಿ. ಆ ಎಟಿಎಂನವರ ಬಳಕೆ ಶುಲ್ಕ ಬೇರೆ, ಅದು ಡಿಕ್ಲೈನ್ ಮಾಡಿದರೂ ತಪ್ಪದು. ಅದು ಜಾಸ್ತಿ ಅನ್ನಿಸಿದರೆ ಪೂರ್ತಿ ರದ್ದು ಮಾಡಿ ಬೇರೆ ಎಟಿಎಂಗೆ ಹೋಗುವುದೇ ದಾರಿ.

ನಿಮ್ಮ ಖಾತೆ ತೆರೆದು ಇಲ್ಲಿನ ಕಾರ್ಡ್ ಕೈಗೆ ಬಂದ ಮೇಲೆ ಈ ಪ್ರಶ್ನೆ ಇಲ್ಲಿ ಬರುವುದಿಲ್ಲ. ಆದರೆ ರಜೆಗೆ ಊರಿಗೆ ಹೋದಾಗ ಅದೇ ಕಾರ್ಡ್ ಅಲ್ಲಿನ ಮಷೀನಿಗೆ ಪರದೇಶದ್ದು. ಆಗಲೂ ಇದೇ ಪ್ರಶ್ನೆ ಎದುರಾಗಬಹುದು. ಅಷ್ಟರಲ್ಲಿ ‘ಯೂರೋ ಒತ್ತಿ ಅಂದಿದ್ದರು’ ಅಂತ ನೆನಪಿಟ್ಟುಕೊಂಡು ಅಲ್ಲೂ ಯೂರೋ ಒತ್ತಿಬಿಡಬೇಡಿ. ಅಲ್ಲಿ ಒತ್ತಬೇಕಾದ್ದು ರೂಪಾಯಿ.