ಚೆನ್ನಾಗಿ ಮಾರುವವರ ಮೇಲೇ ಯಾಕೆ ಭಾರ?

ಪ್ರಶ್ನೆ: ನಮ್ಮ ಸೇಲ್ಸ್ ತಂಡದಲ್ಲಿ ಐದು ಜನ. ಪ್ರತಿ ವರ್ಷ ಎಲ್ಲರಿಗೂ ಹಿಂದಿನ ವರ್ಷದ ಮಾರಾಟಕ್ಕಿಂತ ಶೇ. 20 ಜಾಸ್ತಿ ಟಾರ್ಗೆಟ್ ಕೊಡುತ್ತೇನೆ. ನಿಯಮ ಎಲ್ಲರಿಗೂ ಒಂದೇ. ಆದರೂ ಚೆನ್ನಾಗಿ ಮಾರುತ್ತಿದ್ದವರೇ ಈಗ ಮಂಕಾಗಿದ್ದಾರೆ. ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ: ಎಡವಟ್ಟು ಆಗುತ್ತಿರುವುದು ಆ ಶೇ. 20ರಲ್ಲೇ.

ಎರಡು ಏರಿಯಾ ತೆಗೆದುಕೊಳ್ಳಿ. ಮೊದಲನೆಯದರಲ್ಲಿ ನಿಮ್ಮಂಥ ಸರಕು ವರ್ಷಕ್ಕೆ ಒಟ್ಟು 1,000 ಯೂನಿಟ್ ಹೋಗುತ್ತದೆ, ಅದರಲ್ಲಿ 600 ನಿಮ್ಮವರೇ ಮಾರುತ್ತಾರೆ. ಎರಡನೆಯದರಲ್ಲಿ 2,000 ಹೋಗುತ್ತದೆ, ನಿಮ್ಮವರು ಮಾರುವುದು 400. ಇಬ್ಬರಿಗೂ ಶೇ. 20 ಏರಿಸಿದರೆ ಮೊದಲನೆಯವರು ಇನ್ನೂ 120 ತರಬೇಕು, ಅವರಿಗೆ ಉಳಿದಿರುವುದೇ 400. ಎರಡನೆಯವರು 80 ತಂದರೆ ಸಾಕು, ಅವರ ಮುಂದೆ 1,600 ಬಿದ್ದಿದೆ. ದುಡಿದವರಿಗೇ ದಂಡ ಹಾಕಿದ ಹಾಗಾಯಿತು, ಅಲ್ವಾ?

ನಾನೂ ಕೆಲವು ವರ್ಷ ಸೇಲ್ಸ್‌ನಲ್ಲಿದ್ದೆ. ನಮ್ಮಲ್ಲಿ ಎಲ್ಲರಿಗಿಂತ ಚೆನ್ನಾಗಿ ಮಾರುತ್ತಿದ್ದ ಹಿರಿಯರೊಬ್ಬರು ವರ್ಷದ ಕೊನೆಯ ವಾರ ಸಹಿಯಾದ ಆರ್ಡರ್ ಫಾರಂಗಳನ್ನು ಡ್ರಾಯರ್‌ನಲ್ಲಿಟ್ಟು ಬೀಗ ಹಾಕುತ್ತಿದ್ದರು. "ಈಗ ಕೊಟ್ಟರೆ ಮುಂದಿನ ವರ್ಷ ನನ್ನ ಕುತ್ತಿಗೆಗೇ ಬರುತ್ತದೆ" ಅನ್ನುತ್ತಿದ್ದರು. ಕಳ್ಳತನವಲ್ಲ ಅದು, ಲೆಕ್ಕ. ನಿಮ್ಮಲ್ಲೂ ಕೊನೆಯ ವಾರ ಆರ್ಡರ್ ಬತ್ತಿ, ಹೊಸ ವರ್ಷದ ಮೊದಲ ವಾರ ಸುರಿಯುತ್ತಿದೆಯಾ ನೋಡಿ.

ನಾನಾಗಿದ್ದರೆ ಹೀಗೆ ಹಂಚುತ್ತಿದ್ದೆ. ಬೇಕಾದ ಹೆಚ್ಚುವರಿ 200 ಯೂನಿಟ್ಟನ್ನು, ಇನ್ನೂ ಕೈಗೆ ಸಿಗದೆ ಉಳಿದ ಮಾರುಕಟ್ಟೆಯ ಅಳತೆಯಲ್ಲಿ ಹಂಚಿ. 400ಕ್ಕೆ 1,600 ಅಂದರೆ ಒಂದಕ್ಕೆ ನಾಲ್ಕು. ಆಗ ಮೊದಲನೆಯವರಿಗೆ 40 ಸೇರಿ 640, ಎರಡನೆಯವರಿಗೆ 160 ಸೇರಿ 560.

ಆದರೆ ಸುಮ್ನೆ ಇಲ್ಲಿಗೇ ನಿಲ್ಲಿಸಬೇಡಿ. ಎರಡನೆಯವರಿಗೆ ಅಷ್ಟು ಓಡಾಡಲು ಆಗುತ್ತದಾ ಅಂತ ಎಣಿಸಿ. ಅವರಿಗೆ 60 ದೊಡ್ಡ ಗ್ರಾಹಕರು, 240 ಸಣ್ಣವರು ಇದ್ದಾರೆ ಅಂದುಕೊಳ್ಳಿ. ದೊಡ್ಡವರ ಹತ್ತಿರ ತಿಂಗಳಿಗೆ ಎರಡು ಸಲ, ಸಣ್ಣವರ ಹತ್ತಿರ ಒಂದು ಸಲ ಹೋದರೂ 360 ಭೇಟಿ. ದಿನಕ್ಕೆ ಎಂಟು ಭೇಟಿಯಂತೆ 22 ದಿನ ಸುತ್ತಿದರೂ ಆಗುವುದು 176. ಅಂದರೆ ಅವರು ಮಾರುತ್ತಿರುವ ಆ 400 ಯೂನಿಟ್ ಸೋಮಾರಿತನದ ಗುರುತಲ್ಲದೆಯೂ ಇರಬಹುದು, ಒಬ್ಬರ ಕೈಗೆ ಇಬ್ಬರ ಏರಿಯಾ ಕೊಟ್ಟಿದ್ದೀರಿ. ಸಣ್ಣವರಲ್ಲಿ ಹೆಚ್ಚಿನವರನ್ನು ಫೋನ್ ಆರ್ಡರ್‌ಗೆ ಹಾಕಿ, ಗಡಿಯಲ್ಲಿರುವ ಕೆಲವರನ್ನು ಬಿಡುವಿರುವ ಪಕ್ಕದವರಿಗೆ ಕೊಡಿ. ಗ್ರಾಹಕರು ಹೋದರೆ ಅವರ ಪಾಲಿನ ಟಾರ್ಗೆಟ್ಟೂ ಜೊತೆಗೇ ಹೋಗಬೇಕು. ಅರ್ಧಕ್ಕೆ ಬಂದ ಮಾತುಕತೆ ಇದ್ದರೆ ಅದರ ಕಮಿಷನ್ ಶುರು ಮಾಡಿದವರಿಗೇ ಸೇರಲಿ. ಇದನ್ನು ಬಾಯಿಮಾತಲ್ಲಿ ಬಿಡಬೇಡಿ, ಬರೆದುಕೊಡಿ.

ಇನ್ನೊಂದು, ಹಳೆಯ ಮೂರು ವರ್ಷದ ಲೆಕ್ಕ ತೆಗೆಯಿರಿ. ಆಳು ಬದಲಾದರೂ ಅದೇ ಏರಿಯಾ ಮತ್ತೆ ಮತ್ತೆ ಟಾರ್ಗೆಟ್ ಮುಟ್ಟದಿದ್ದರೆ ಮೊದಲು ನಕ್ಷೆಯನ್ನೇ ಅನುಮಾನಿಸಿ. ಮಾರುಕಟ್ಟೆ ಎಷ್ಟಿದೆ ಅನ್ನುವ ಅಂದಾಜು ಕರಾರುವಾಕ್ಕಾಗಿ ಸಿಗುವುದಿಲ್ಲ ನಿಜ. ಅದಕ್ಕೇ ಹೊಸ ಅಂಕಿಗಳನ್ನು ವರ್ಷ ಶುರುವಾಗುವ ಮೊದಲೇ ಐವರ ಮುಂದಿಟ್ಟು, ಅವರವರ ಗ್ರಾಹಕರ ಪಟ್ಟಿ ಹಿಡಿದು ತಿದ್ದಲು ಬಿಡಿ. ಒಮ್ಮೆ ಒಪ್ಪಿದ ಮೇಲೆ, ಯಾರೋ ಆರೇ ತಿಂಗಳಲ್ಲಿ ಮುಟ್ಟಿಬಿಟ್ಟರು ಅಂತ ನಡುವೆ ಏರಿಸಬೇಡಿ.