ಒಂದು ಪೇಜಾ, ನಾಲ್ಕು ಪೇಜಾ?

ಸಂಪಾದಕರಿಗೆ ನಮಸ್ಕಾರ. ನಂದು ಮೆಕ್ಯಾನಿಕಲ್ ಡಿಪ್ಲೊಮಾ, 7 ವರ್ಷದಿಂದ ವಿಂಡ್‌ಮಿಲ್ ಮೇಂಟೆನೆನ್ಸ್ ಕೆಲಸ. ಸೈಟ್ ಇನ್‌ಚಾರ್ಜ್ ಪೋಸ್ಟಿಗೆ ಅಪ್ಲೈ ಮಾಡ್ತಿದೀನಿ. ಮೊದಲು 4 ಪೇಜ್ ರೆಸ್ಯೂಮ್ ಇತ್ತು, ಒಂದೇ ಪೇಜ್ ಇರ್ಬೇಕು ಅಂತ ಫ್ರೆಂಡ್ಸ್ ಹೇಳಿದ್ರು, ಎಲ್ಲಾ ಒಂದರಲ್ಲೇ ಹಿಡಿಸ್ದೆ. ಎರಡಕ್ಕೂ ಫೋನ್ ಬರ್ಲಿಲ್ಲ. ಎರಡೂ ಕಳಿಸಿದೀನಿ, ನೋಡಿ ಹೇಳಿ ಸರ್.
— ಓದುಗ, ಚಿತ್ರದುರ್ಗ

ಎರಡನ್ನೂ ಪ್ರಿಂಟ್ ತೆಗ್ಸಿ ಅಕ್ಕಪಕ್ಕ ಇಟ್ಕೊಂಡು ಓದ್ದೆ. ನೋಡೋಕೆ ಬೇರೆ ಬೇರೆ ಥರ ಇದ್ರೂ ಎರಡರಲ್ಲೂ ಇರೋ ತಪ್ಪು ಒಂದೇ ಕಣ್ರಿ.

ನಾಲ್ಕು ಪೇಜಿಂದು ಮೊದಲು ನೋಡೋಣ. ಫಸ್ಟ್ ಪೇಜಲ್ಲಿ ಕೆರಿಯರ್ ಆಬ್ಜೆಕ್ಟಿವ್, ಎಸ್ಸೆಸ್ಸೆಲ್ಸಿ ಪರ್ಸೆಂಟೇಜು, ಡಿಪ್ಲೊಮಾದ ಆರೂ ಸೆಮಿಸ್ಟರ್ ಮಾರ್ಕ್ಸು, ಕೊನೇ ವರ್ಷದ ಪ್ರಾಜೆಕ್ಟ್ ಬಗ್ಗೆ ಅರ್ಧ ಪೇಜು. ಈಗಿನ ಕೆಲಸ ಶುರುವಾಗೋದೇ ಮೂರನೇ ಪೇಜಲ್ಲಿ. ಒಂದು ಪೋಸ್ಟಿಗೆ ನೂರಾರು ರೆಸ್ಯೂಮ್ ಬಂದಿರ್ತವೆ, ಮೊದಲನೇ ಸುತ್ತಲ್ಲಿ ಒಂದೊಂದಕ್ಕೆ ಸಿಗೋದು ಅರ್ಧ ನಿಮಿಷ ಇದ್ರೆ ಹೆಚ್ಚು, ಅದರಲ್ಲಿ ಆರಿಸೋರ ಕಣ್ಣು ಹುಡುಕೋದು ಈಗ ಏನು ಕೆಲಸ, ಎಷ್ಟು ವರ್ಷದಿಂದ, ಎಷ್ಟು ಜವಾಬ್ದಾರಿ ಅನ್ನೋದನ್ನ. ಫಸ್ಟ್ ಪೇಜಲ್ಲಿ ಬರೀ ಕಾಲೇಜೇ ಕಂಡ್ರೆ ಇದು ಫ್ರೆಶರ್ ರೆಸ್ಯೂಮ್ ಅನ್ಕೊಂಡು ಪಕ್ಕಕ್ಕಿಡ್ತಾರೆ, ಮೂರನೇ ಪೇಜಿಗೆ ಹೋಗೋದೇ ಇಲ್ಲ.

ಈಗ ಒಂದು ಪೇಜಿಂದು. ಅಕ್ಷರ 8ಕ್ಕೆ ಇಳಿಸಿದೀರ, ಮಾರ್ಜಿನ್ ಅರ್ಧ ಇಂಚೂ ಇಲ್ಲ, ಸಾಲುಗಳ ಮಧ್ಯೆ ಉಸಿರಾಡೋಕೆ ಜಾಗ ಇಲ್ಲ, ದೂರದಿಂದ ನೋಡಿದ್ರೆ ಮಂಡಕ್ಕಿ ಚೀಲ ತುಂಬಿದಂಗೆ ಐತೆ. ಪೇಜ್ ಕಮ್ಮಿ ಆಯ್ತೇ ಹೊರತು ಮಾತು ಒಂದೂ ಕಮ್ಮಿ ಆಗ್ಲಿಲ್ಲ. 2 ವರ್ಷದ ಹಿಂದೆ ಸೂಪರ್‌ವೈಸರ್ ಆಗಿದ್ದು, ಡಿಪ್ಲೊಮಾ ಪ್ರಾಜೆಕ್ಟು, ಎರಡಕ್ಕೂ ಅಷ್ಟಷ್ಟೇ ಜಾಗ. ಇದನ್ನ ನೋಡಿದೋರಿಗೆ ನಿಮ್ಮ ಕೆಲಸದಲ್ಲಿ ಯಾವುದು ದೊಡ್ಡದು ಅಂತ ನಿಮಗೇ ಗೊತ್ತಿಲ್ಲವೇನೋ ಅನ್ಸುತ್ತೆ, ಸೈಟ್ ಇನ್‌ಚಾರ್ಜ್ ಪೋಸ್ಟಿಗೆ ಅದೇ ದೊಡ್ಡ ಹೊಡೆತ.

7 ವರ್ಷಕ್ಕೆ ಎರಡು ಪೇಜ್ ಧಾರಾಳವಾಗಿ ಹಾಕಿ, ಅಕ್ಷರ 10.5 ಅಥವಾ 11. ಆದ್ರೆ ಫಸ್ಟ್ ಪೇಜಿನ ಮೇಲರ್ಧದಲ್ಲೇ ಈಗಿನ ಕೆಲಸ ಮುಗೀಬೇಕು. ಅದಕ್ಕೆ ಐದಾರು ಪಾಯಿಂಟು, ಒಂದೊಂದು ಎರಡು ಸಾಲು ದಾಟಬಾರ್ದು. ಹಿಂದಿನ ಕೆಲಸಕ್ಕೆ ಮೂರು ಪಾಯಿಂಟು, ಡಿಪ್ಲೊಮಾಗೆ ಒಂದೇ ಸಾಲು. ನೀವು ಬರೆದಿರೋ ಒಂದು ಸಾಲು ಹಿಂಗಿದೆ: "ಟರ್ಬೈನ್‌ಗಳ ಎಲ್ಲಾ ರೀತಿಯ ನಿರ್ವಹಣಾ ಕಾರ್ಯಗಳ ಜವಾಬ್ದಾರಿ ನಿರ್ವಹಿಸುತ್ತಿದ್ದೇನೆ". ಇದನ್ನ ಹೆಲ್ಪರ್ ಆಗಿರೋ ಹುಡುಗನೂ ಬರೀಬಹುದು. ಮೂರನೇ ಪೇಜಿನ ಕೆಳಗಡೆ ನೀವೇ ಬರೆದಿರೋದನ್ನ ಸೇರಿಸಿ ನಾನು ಹಿಂಗೆ ಮಾಡ್ದೆ: "22 ಟರ್ಬೈನ್, 4 ಜನ ಟೆಕ್ನಿಷಿಯನ್ಸ್, ಗೇರ್‌ಬಾಕ್ಸ್ ಆಯಿಲ್, ಪಿಚ್ ಸಿಸ್ಟಮ್ ಕೆಲಸದ ಪ್ಲಾನು ಮತ್ತು ಸೈನ್ ಆಫ್ ನಂದೇ". ಸಾಲು ಸ್ವಲ್ಪ ಉದ್ದ ಆಯ್ತು, ಆದ್ರೆ ಓದಿದೋರಿಗೆ ಈ ಮನುಷ್ಯ ಆಗ್ಲೇ ಅರ್ಧ ಇನ್‌ಚಾರ್ಜ್ ಕೆಲಸ ಮಾಡ್ತಿದಾನೆ ಅಂತ ಗೊತ್ತಾಗುತ್ತೆ.

ನಿಮ್ಮ ಫ್ರೆಂಡ್ಸ್ ಹೇಳಿದ್ದು ಪೂರ್ತಿ ಸುಳ್ಳಲ್ಲ, ಅದು ಫ್ರೆಶರ್‌ಗಳಿಗೆ. ದಾವಣಗೆರೆಯಲ್ಲಿ ಈ ವರ್ಷ ಬಿಇ ಮುಗಿಸಿದ ಹುಡುಗಿ ಎರಡು ಪೇಜ್ ಮಾಡಿದ್ರೆ ಎರಡನೇ ಪೇಜಿಗೆ ಹಾಬೀಸು, ಡಿಕ್ಲರೇಶನ್ನು ತುಂಬ್ಸಿದಾಳೆ ಅಂತ ತಕ್ಷಣ ಗೊತ್ತಾಗುತ್ತೆ, ಅವಳ ಪೇಜಲ್ಲಿ ಖಾಲಿ ಜಾಗ ಇದ್ರೂ ಯಾರೂ ಬೇಜಾರಾಗಲ್ಲ. 20 ವರ್ಷ ಪ್ಲಾಂಟ್ ನಡೆಸಿದೋರು ಒಂದೇ ಪೇಜ್ ಕಳಿಸಿದ್ರೆ ಉಲ್ಟಾ, ಇಷ್ಟು ವರ್ಷ ಏನ್ ಮಾಡಿದ್ರು ಅನ್ನೋ ಅನುಮಾನ ಬರುತ್ತೆ, ಅವರಿಗೆ ಎರಡು ಪೇಜು, ಕೆಲವ್ಸಲ ಮೂರೂ ನಡಿಯುತ್ತೆ, ಆದ್ರೆ ಮೊದಮೊದಲ ಕೆಲಸಗಳು ಒಂದೊಂದು ಸಾಲಿಗೆ ಇಳೀಬೇಕು. ಕಾಲೇಜ್ ಮೇಷ್ಟ್ರುಗಳದ್ದು ಬೇರೆ ಲೆಕ್ಕ, ಅಲ್ಲಿ ಪೇಪರ್‌ಗಳ ಪಟ್ಟಿನೇ ಪೇಜ್‌ಗಟ್ಟಲೆ ಹೋಗುತ್ತೆ, ಅದನ್ನ ನೋಡಿ ನೀವು ಉದ್ದ ಮಾಡೋಕೆ ಹೋಗ್ಬೇಡಿ.

ಹೊಸದು ರೆಡಿ ಆದ್ಮೇಲೆ ನಿಮ್ಮ ಫೀಲ್ಡ್ ಗೊತ್ತಿಲ್ದೆ ಇರೋರ ಕೈಗೆ, ಮನೆಯಲ್ಲಿ ಅಕ್ಕನೋ ಭಾವನೋ ಇದ್ರೆ ಅವರಿಗೇ ಪ್ರಿಂಟ್ ಕೊಡಿ. ಅರ್ಧ ನಿಮಿಷಕ್ಕೆ ವಾಪಸ್ ಇಸ್ಕೊಂಡು ನಾನು ಈಗ ಏನು ಕೆಲಸ ಮಾಡ್ತೀನಿ, ಎಷ್ಟು ವರ್ಷ ಆಯ್ತು, ನನ್ನ ಕೆಳಗೆ ಎಷ್ಟು ಜನ ಅಂತ ಕೇಳಿ. ಮೂರರಲ್ಲಿ ಒಂದಕ್ಕೆ ತಡವರಿಸಿದ್ರೂ ಅದು ಪೇಜಲ್ಲಿ ತಪ್ಪು ಜಾಗದಲ್ಲಿದೆ ಅಂತ.

ಇನ್ನೊಂದು ನೋಡಿ ನಂಗೆ ನಿಜವಾಗ್ಲೂ ಹೊಟ್ಟೆ ಉರೀತು. ನಿಮ್ಮ ಜಿಡಬ್ಲ್ಯುಒ ವರ್ಕಿಂಗ್ ಅಟ್ ಹೈಟ್ಸ್ ಸರ್ಟಿಫಿಕೇಟು ನಾಲ್ಕನೇ ಪೇಜಲ್ಲಿ, ಕ್ರಿಕೆಟ್ ಮತ್ತು ಹಾಡು ಕೇಳೋದರ ಕೆಳಗಡೆ ಕೂತಿದೆ! ಟವರ್ ಹತ್ತೋ ಕೆಲಸಕ್ಕೆ ಆರಿಸೋರು ಅದನ್ನ ಮೊದಲೇ ಹುಡುಕ್ತಾರೆ, ಅದು ಕಾಣ್ಲಿಲ್ಲ ಅಂದ್ರೆ ಮಿಕ್ಕಿದ್ದು ಎಷ್ಟು ಚೆನ್ನಾಗಿ ಜೋಡಿಸಿದ್ರೂ ಉಪಯೋಗ ಇಲ್ಲ. ಹೆಸರಿನ ಕೆಳಗಿನ ಸಾಲಿಗೇ ತನ್ನಿ, ಅದರ ಅವಧಿ 2 ವರ್ಷ ಅಷ್ಟೇ ಅಲ್ವಾ, ಯಾವ ತಿಂಗಳವರೆಗೆ ವ್ಯಾಲಿಡ್ ಅಂತ ಪಕ್ಕದಲ್ಲೇ ಬರೀರಿ.

— ಸಂ.