ಟ್ರಸ್ಟ್‌ಗೆ ನಷ್ಟವಾದರೆ ಪಿ.ಎಫ್. ಹಣಕ್ಕೆ ಹೊಣೆ ಯಾರು?

ಓದುಗರ ಪತ್ರ: "ನಾನು ಬೀದರಿನ ಒಂದು ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ನಮ್ಮ ಪಿ.ಎಫ್. ಸರ್ಕಾರಕ್ಕೆ ಹೋಗುವುದಿಲ್ಲ, ಕಂಪನಿಯದೇ ಟ್ರಸ್ಟ್ ಇದೆ. 2024-25ರ ಚೀಟಿಯಲ್ಲಿ ಬಡ್ಡಿ ಶೇ. 7ರ ಆಸುಪಾಸಿನಲ್ಲಿ ಬಿದ್ದಿದೆ. ಕೇಳಿದರೆ, ಟ್ರಸ್ಟ್ ಕೊಂಡಿದ್ದ ಬಾಂಡಿನ ಹಣ ವಾಪಸು ಬಂದಿಲ್ಲ, ಬಂದ ಮೇಲೆ ಉಳಿದದ್ದನ್ನು ಕೊಡುತ್ತೇವೆ ಎನ್ನುತ್ತಾರೆ. ಸರ್ಕಾರದ ನಿಧಿಯಲ್ಲೇ ಇದ್ದಿದ್ದರೆ ಒಳ್ಳೆಯದಿತ್ತೆ? ನಮ್ಮ ಅಸಲಿಗೂ ಕುತ್ತು ಬರಬಹುದೆ?"
– ಹೆಸರು ಪ್ರಕಟಿಸಬಾರದೆಂದು ಕೋರಿದ ಓದುಗರು, ಬೀದರ್

ಸಂಪಾದಕರ ಉತ್ತರ:

ಮಾನ್ಯರೇ,

ಕಡಿಮೆ ಬಿದ್ದಿರುವ ಬಡ್ಡಿಯನ್ನು ಕಂಪನಿ ತನ್ನ ಸ್ವಂತ ಹಣದಿಂದ ತುಂಬಿಕೊಡಬೇಕು. ಬಾಂಡಿನ ಹಣ ಬರುವವರೆಗೆ ಕಾಯಿರಿ ಎಂದು ಸದಸ್ಯರಿಗೆ ಹೇಳುವ ಅಧಿಕಾರ ಟ್ರಸ್ಟ್‌ಗೂ ಇಲ್ಲ, ಆಡಳಿತ ವರ್ಗಕ್ಕೂ ಇಲ್ಲ. ತಮ್ಮ ಕಚೇರಿಯಲ್ಲಿ ಕೊಟ್ಟ ಉತ್ತರ ನಿಯಮಕ್ಕೆ ವಿರುದ್ಧವಾದದ್ದು.

ಇದಕ್ಕೆ ಕಾರಣ ಟ್ರಸ್ಟ್ ಹುಟ್ಟಿಕೊಂಡ ರೀತಿಯಲ್ಲೇ ಇದೆ. 1952ರ ಭವಿಷ್ಯ ನಿಧಿ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಸರ್ಕಾರದ ಯೋಜನೆಗಿಂತ ಯಾವ ರೀತಿಯಲ್ಲೂ ಕಡಿಮೆಯಿಲ್ಲದ ಸೌಲಭ್ಯ ಕೊಡುವ ಸಂಸ್ಥೆಗೆ ಮಾತ್ರ ತನ್ನ ನಿಧಿಯನ್ನು ತಾನೇ ನಡೆಸಲು ವಿನಾಯಿತಿ ಸಿಗುತ್ತದೆ. ಆ ವಿನಾಯಿತಿ ಷರತ್ತುಬದ್ಧವಾದದ್ದು. ಟ್ರಸ್ಟಿಗಳಲ್ಲಿ ಅರ್ಧದಷ್ಟು ಮಂದಿ ಕಾರ್ಮಿಕರ ಪ್ರತಿನಿಧಿಗಳಾಗಿರಬೇಕು, ಟ್ರಸ್ಟ್ ನಡೆಸುವ ಖರ್ಚನ್ನು ಕಂಪನಿಯೇ ಭರಿಸಬೇಕು, ಸರ್ಕಾರದ ನಿಧಿ ಘೋಷಿಸಿದ ಬಡ್ಡಿಗಿಂತ ಕಡಿಮೆ ಕೊಡುವಂತಿಲ್ಲ, ಟ್ರಸ್ಟ್‌ನ ಗಳಿಕೆ ಸಾಲದಿದ್ದರೆ ಕೊರತೆಯನ್ನು ಮಾಲೀಕರು ತುಂಬಬೇಕು. ಕಳವು, ದುರುಪಯೋಗ ಅಥವಾ ಬೇರೆ ಯಾವುದೇ ಕಾರಣದಿಂದ ನಿಧಿಗೆ ನಷ್ಟವಾದರೆ ಅದನ್ನೂ ಅವರೇ ತುಂಬಬೇಕು. ಬಾಂಡ್ ಮುಳುಗಿದ್ದು ಈ ಕೊನೆಯ ಮಾತಿನೊಳಗೆ ಬರುತ್ತದೆ. 2024-25ಕ್ಕೆ ಸರ್ಕಾರದ ನಿಧಿಯ ಬಡ್ಡಿ ಶೇ. 8.25 ಆಗಿರುವುದರಿಂದ ತಮ್ಮ ಚೀಟಿಯಲ್ಲೂ ಕನಿಷ್ಠ ಅಷ್ಟೇ ಇರಬೇಕಿತ್ತು.

ಲೆಕ್ಕ ಹಾಕಿ ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಒಂದು ಟ್ರಸ್ಟ್‌ನಲ್ಲಿ ಸದಸ್ಯರ ಹಣ ಒಟ್ಟು 40 ಕೋಟಿ ರೂಪಾಯಿ ಇದೆಯೆಂದೂ, ಅದರಲ್ಲಿ 2 ಕೋಟಿಯನ್ನು ಹಾಕಿದ್ದ ಒಂದು ಖಾಸಗಿ ಕಂಪನಿಯ ಬಾಂಡ್ ಅಸಲು, ಬಡ್ಡಿ ಎರಡನ್ನೂ ಕೊಡದೆ ನಿಂತಿದೆಯೆಂದೂ ಇಟ್ಟುಕೊಳ್ಳೋಣ. ಉಳಿದ 38 ಕೋಟಿ ಶೇ. 7.4ರಂತೆ ದುಡಿದರೆ ಬರುವುದು 2 ಕೋಟಿ 81 ಲಕ್ಷದಷ್ಟು. ಆದರೆ ಸದಸ್ಯರಿಗೆ 40 ಕೋಟಿಯ ಮೇಲೆ ಶೇ. 8.25ರಂತೆ 3 ಕೋಟಿ 30 ಲಕ್ಷ ಸಲ್ಲಬೇಕು. ಬಡ್ಡಿಯಲ್ಲಿ ಸುಮಾರು 49 ಲಕ್ಷ, ಅಸಲಿನಲ್ಲಿ 2 ಕೋಟಿ, ಹೀಗೆ ಕಂಪನಿ ಒಟ್ಟು ಎರಡೂವರೆ ಕೋಟಿಯಷ್ಟನ್ನು ತರಬೇಕಾಗುತ್ತದೆ. ತಂದರೆ ಕಾರ್ಮಿಕರಿಗೆ ಏನೂ ಆಗಿಲ್ಲವೆಂಬಂತೆ ಚೀಟಿ ಬರುತ್ತದೆ. ತರದೆ, ದುಡಿದದ್ದನ್ನಷ್ಟೇ ಹಂಚಿದರೆ ಬಡ್ಡಿ ಶೇ. 7.03ಕ್ಕೆ ಇಳಿಯುತ್ತದೆ. ವರ್ಷದ ಆರಂಭದಲ್ಲಿ 6 ಲಕ್ಷ ರೂಪಾಯಿ ಜಮೆ ಇದ್ದವರಿಗೆ, ಆ ವರ್ಷದ ವಂತಿಗೆಯನ್ನು ಬಿಟ್ಟು, 49,500 ರೂಪಾಯಿ ಬರಬೇಕಾದ ಕಡೆ 42,180 ಬರುತ್ತದೆ. ಈ 7,320 ರೂಪಾಯಿ ಒಂದು ವರ್ಷಕ್ಕೆ ಮುಗಿಯುವ ನಷ್ಟವಲ್ಲ, ನಿವೃತ್ತಿಯವರೆಗೆ ಅದರ ಮೇಲೆ ಬೆಳೆಯಬೇಕಿದ್ದ ಬಡ್ಡಿಯೂ ಅದರೊಡನೆ ಹೋಗುತ್ತದೆ. ತಮ್ಮ ಚೀಟಿಯ ಅಂಕಿ ಈ ಲೆಕ್ಕಕ್ಕೆ ಹತ್ತಿರವಿರುವುದರಿಂದ ತಮ್ಮಲ್ಲೂ ದುಡಿದದ್ದನ್ನಷ್ಟೇ ಹಂಚಿರಬಹುದೆಂಬ ಅನುಮಾನ ನನ್ನದು.

ಬಡ್ಡಿ ಕಡಿಮೆ ಬಿದ್ದದ್ದು ಚೀಟಿಯಲ್ಲಿ ಕಣ್ಣಿಗೆ ಬೀಳುತ್ತದೆ. ಅಸಲಿನ ನಷ್ಟ ಹಾಗೆ ಬೀಳುವುದಿಲ್ಲ, ನನಗೆ ಹೆಚ್ಚು ಕಳವಳವಿರುವುದು ಅದರ ಬಗ್ಗೆ. ಮುಳುಗಿದ ಬಾಂಡನ್ನು ಲೆಕ್ಕಪುಸ್ತಕದಲ್ಲಿ ಹಳೆಯ 2 ಕೋಟಿಯ ಬೆಲೆಗೇ ತೋರಿಸುತ್ತ ಹೋದರೆ ನಿಧಿ ಕಾಗದದ ಮೇಲೆ 40 ಕೋಟಿಯದಾಗಿಯೇ ಉಳಿಯುತ್ತದೆ. ಈ ವರ್ಷ ನಿವೃತ್ತರಾದವರು, ಕೆಲಸ ಬಿಟ್ಟವರು ಪೂರ್ತಿ ಹಣ ಪಡೆದು ಹೋಗುತ್ತಾರೆ. ಆ ಹಣ ಹೋಗುವುದು ಒಳ್ಳೆಯ ಹೂಡಿಕೆಗಳಿಂದ, ಕೆಟ್ಟ ಬಾಂಡ್ ಮಾತ್ರ ಹಿಂದೆ ಉಳಿಯುತ್ತದೆ. ಹೀಗೆ 10 ಕೋಟಿ ಹೊರಗೆ ಹೋಯಿತೆಂದರೆ, ಮೊದಲು ನಲವತ್ತರಲ್ಲಿ ಎರಡು ಇದ್ದ ತೂತು ಈಗ ಮೂವತ್ತರಲ್ಲಿ ಎರಡಾಗುತ್ತದೆ. ಕಂಪನಿ ಆ ನಷ್ಟವನ್ನು ತುಂಬದೆ ಮುಂದೂಡಿದಷ್ಟೂ, ಉಳಿದು ದುಡಿಯುತ್ತಿರುವ ಕಿರಿಯರ ಪಾಲಿನ ಹೊರೆ ಹೆಚ್ಚುತ್ತದೆ. ಆದ್ದರಿಂದ ಹೋದ ವರ್ಷ ನಿವೃತ್ತರಾದವರಿಗೆ ಎಲ್ಲವೂ ಸರಿಯಾಗಿ ಸಿಕ್ಕಿದೆ ಎಂಬುದು ನಿಧಿ ಗಟ್ಟಿಯಾಗಿದೆ ಎಂಬುದಕ್ಕೆ ಸಾಕ್ಷಿಯಾಗುವುದಿಲ್ಲ.

ಟ್ರಸ್ಟಿಗಳು ಅಜಾಗರೂಕರಾಗಿದ್ದರಿಂದಲೇ ಹೀಗಾಯಿತೆಂದು ಈಗಲೇ ತೀರ್ಮಾನಿಸಬಾರದು. ಟ್ರಸ್ಟ್ ಹಣವನ್ನು ಮನಬಂದಂತೆ ಹೂಡುವಂತಿಲ್ಲ. ಕನಿಷ್ಠ ಶೇ. 45 ಭಾಗ ಸರ್ಕಾರಿ ಸಾಲಪತ್ರಗಳಿಗೆ ಹೋಗಬೇಕು, ಕಂಪನಿ ಬಾಂಡ್‌ಗಳಿಗೆ ಮಿತಿ ಮತ್ತು ರೇಟಿಂಗ್ ಷರತ್ತು ಇದೆ, ಷೇರು ಸಂಬಂಧಿತ ಹೂಡಿಕೆ ಶೇ. 15 ದಾಟುವಂತಿಲ್ಲ. ಹಾಗಿದ್ದೂ 2018ರಲ್ಲಿ ಮೂಲಸೌಕರ್ಯ ಯೋಜನೆಗಳಿಗೆ ಸಾಲ ಕೊಡುತ್ತಿದ್ದ ಐಎಲ್ ಅಂಡ್ ಎಫ್‌ಎಸ್ ಸಮೂಹ ಕುಸಿದಾಗ, ಕೆಲವೇ ವಾರಗಳ ಹಿಂದೆ ಅತ್ಯುತ್ತಮ ರೇಟಿಂಗ್ ಪಡೆದಿದ್ದ ಅದರ ಬಾಂಡ್‌ಗಳು ಸುಸ್ತಿಗೆ ಬಿದ್ದವು, ಮರುವರ್ಷ ಗೃಹಸಾಲ ಸಂಸ್ಥೆ ಡಿಎಚ್‌ಎಫ್‌ಎಲ್ ಅದೇ ದಾರಿ ಹಿಡಿಯಿತು. ನಿಯಮ ಪಾಲಿಸಿ ಅವನ್ನು ಕೊಂಡಿದ್ದ ಅನೇಕ ಪಿ.ಎಫ್. ಟ್ರಸ್ಟ್‌ಗಳು ಪೆಟ್ಟು ತಿಂದವು. ಟ್ರಸ್ಟಿಗಳದು ತಪ್ಪೋ ಅಲ್ಲವೋ ಎಂಬ ಪ್ರಶ್ನೆ ಬೇರೆ. ನಷ್ಟ ತುಂಬುವ ಹೊಣೆ ಎರಡೂ ಸಂದರ್ಭಗಳಲ್ಲಿ ಕಂಪನಿಯದೇ.

ಸರ್ಕಾರದ ನಿಧಿಯಲ್ಲಿದ್ದರೆ ಒಳ್ಳೆಯದಿತ್ತೆ ಎಂದು ಕೇಳಿದ್ದೀರಿ. ಸರ್ಕಾರದ ನಿಧಿಯ ಹಣವೂ ಬಹುಪಾಲು ಬಾಂಡ್‌ಗಳಲ್ಲೇ ಇದೆ, ಅದಕ್ಕೂ ಇಂಥ ಹೂಡಿಕೆಗಳಲ್ಲಿ ಪೆಟ್ಟು ಬಿದ್ದಿದೆ. ಆದರೆ ಅಲ್ಲಿ ಕೋಟ್ಯಂತರ ಸದಸ್ಯರ ನಡುವೆ ಒಂದು ಬಾಂಡಿನ ನಷ್ಟ ಕರಗಿಹೋಗುತ್ತದೆ, ಮತ್ತು ಯಾರೊಬ್ಬರ ಉಳಿತಾಯವೂ ಅವರು ದುಡಿಯುವ ಕಂಪನಿಯ ಲಾಭನಷ್ಟಕ್ಕೆ ಕಟ್ಟಿಹಾಕಲ್ಪಟ್ಟಿರುವುದಿಲ್ಲ. ಟ್ರಸ್ಟ್‌ನಲ್ಲಿ ಹಾಗಲ್ಲ. ಕಾಗದದ ಮೇಲೆ ಭರವಸೆ ಎಷ್ಟೇ ಪೂರ್ಣವಾಗಿದ್ದರೂ ಅದನ್ನು ಕೊಟ್ಟವರು ತಮಗೆ ಸಂಬಳ ಕೊಡುವವರೇ. ಕಂಪನಿ ಬಲವಾಗಿದ್ದಾಗ ಆ ಭರವಸೆಯ ಅಗತ್ಯವೇ ಬೀಳುವುದಿಲ್ಲ, ಅಗತ್ಯ ಬೀಳುವ ಹೊತ್ತಿಗೆ ಕಂಪನಿಯೂ ಸೊರಗಿರುವ ಸಾಧ್ಯತೆ ಹೆಚ್ಚು. ಕೆಲಸ ಮತ್ತು ಉಳಿತಾಯ ಒಟ್ಟಿಗೆ ಅಪಾಯಕ್ಕೆ ಸಿಲುಕುವುದು ಇಲ್ಲಿಯೇ. ಇಷ್ಟು ಹೇಳಿದ ಮೇಲೆ ಇನ್ನೊಂದನ್ನೂ ಹೇಳಬೇಕು: ಸಂಬಳದಿಂದ ಮುರಿದುಕೊಂಡ ವಂತಿಗೆಯನ್ನು ಮಾಲೀಕರು ಕಟ್ಟದೇ ಇದ್ದರೆ ಸರ್ಕಾರದ ನಿಧಿಯ ಸದಸ್ಯರೂ ತೊಂದರೆಗೆ ಸಿಲುಕುತ್ತಾರೆ. ಆ ಅಪಾಯ ಎರಡೂ ಕಡೆ ಸಮಾನ. ಟ್ರಸ್ಟ್ ಚೆನ್ನಾಗಿ ನಡೆಯುವ ಕಡೆ ಮುಂಗಡ, ಅಂತಿಮ ಪಾವತಿಗಳು ಬೇಗ ಸಿಗುತ್ತವೆ ಎಂಬುದೂ ನಿಜ.

ತಮ್ಮ ಪಿಂಚಣಿಯ ಬಗ್ಗೆ ಭಯ ಬೇಡ. ಮಾಲೀಕರ ಪಾಲಿನ ಶೇ. 8.33, ಅಂದರೆ 15,000 ರೂಪಾಯಿ ವೇತನ ಮಿತಿಗೆ ತಿಂಗಳಿಗೆ 1,250 ರೂಪಾಯಿ, ಟ್ರಸ್ಟ್‌ಗೆ ಹೋಗದೆ ನೇರವಾಗಿ ಸರ್ಕಾರದ ಪಿಂಚಣಿ ನಿಧಿಗೇ ಹೋಗುತ್ತದೆ. ಟ್ರಸ್ಟ್‌ನಲ್ಲಿರುವುದು ಕಾರ್ಮಿಕರ ಶೇ. 12 ಮತ್ತು ಮಾಲೀಕರ ಪಾಲಿನಲ್ಲಿ ಉಳಿದದ್ದು.

ಈಗ ತಾವು ಪತ್ತೆ ಮಾಡಬೇಕಾದದ್ದು ಕಂಪನಿಗೆ ತುಂಬಿಕೊಡುವ ಶಕ್ತಿ ಇದೆಯೇ ಎಂಬುದನ್ನು. ಕಂಪನಿಯ ವಾರ್ಷಿಕ ವರದಿಯನ್ನು ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯದ ವೆಬ್‌ಸೈಟಿನಲ್ಲಿ 100 ರೂಪಾಯಿ ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು, ಷೇರುಪೇಟೆಯಲ್ಲಿರುವ ಕಂಪನಿಯಾದರೆ ಅದರ ಸ್ವಂತ ವೆಬ್‌ಸೈಟಿನಲ್ಲೇ ಸಿಗುತ್ತದೆ. ಲೆಕ್ಕಪತ್ರದ ಕೊನೆಗಿರುವ ಟಿಪ್ಪಣಿಗಳಲ್ಲಿ ಉದ್ಯೋಗಿ ಸೌಲಭ್ಯಗಳ ಭಾಗವನ್ನು ಹುಡುಕಿರಿ. ಟ್ರಸ್ಟ್ ನಡೆಸುವ ಕಂಪನಿಗಳು ಸಾಮಾನ್ಯವಾಗಿ ಟ್ರಸ್ಟ್‌ನ ಆಸ್ತಿ ಎಷ್ಟು, ಸದಸ್ಯರಿಗೆ ಸಲ್ಲಬೇಕಾದದ್ದು ಎಷ್ಟು, ಕೊರತೆಗೆಂದು ತೆಗೆದಿಟ್ಟದ್ದು ಎಷ್ಟು ಎಂಬುದನ್ನು ಅಲ್ಲಿ ಬರೆದಿರುತ್ತವೆ. ಆಸ್ತಿಗಿಂತ ಸಲ್ಲಬೇಕಾದದ್ದು ಹೆಚ್ಚಿದ್ದು, ಏನನ್ನೂ ತೆಗೆದಿಟ್ಟಿರದಿದ್ದರೆ ತಮ್ಮ ಅನುಮಾನಕ್ಕೆ ಆಧಾರವಿದೆ. ಅದೇ ವರದಿಯಲ್ಲಿ ಕಂಪನಿ ಸತತವಾಗಿ ನಷ್ಟದಲ್ಲಿದೆಯೇ ಎಂಬುದನ್ನೂ ನೋಡಿರಿ. ಮೂರು ಹಣಕಾಸು ವರ್ಷ ಸತತ ನಷ್ಟ ತೋರಿಸಿದ ಅಥವಾ ಬಂಡವಾಳ ಸವೆದುಹೋದ ಕಂಪನಿಯ ವಿನಾಯಿತಿಯನ್ನು ಹಿಂಪಡೆಯಬೇಕೆಂಬುದು ಷರತ್ತುಗಳಲ್ಲಿ ಒಂದು. ನನ್ನ ಅಭಿಪ್ರಾಯದಲ್ಲಿ ಮೂರು ವರ್ಷ ಬಹಳ ದೀರ್ಘ ಕಾಲ. ಅಷ್ಟರಲ್ಲಿ ತುಂಬಿಕೊಡುವ ಶಕ್ತಿಯೇ ಹೋಗಿರಬಹುದು.

ಮೊದಲ ಹೆಜ್ಜೆ ಕಾರ್ಮಿಕ ಟ್ರಸ್ಟಿಗಳ ಮೂಲಕವೇ ಆಗಲಿ. ಅವರು ಸಭೆಯ ನಡಾವಳಿಗೆ ಸಹಿ ಹಾಕುವವರು, ಹೂಡಿಕೆಗಳ ಪಟ್ಟಿ, ಪ್ರತಿ ಬಾಂಡಿನ ಈಗಿನ ರೇಟಿಂಗ್ ಮತ್ತು ಲೆಕ್ಕಪರಿಶೋಧಕರ ವರದಿಯನ್ನು ಕೇಳಿ ಪಡೆಯುವ ಪೂರ್ಣ ಅಧಿಕಾರ ಅವರಿಗಿದೆ. ಅದರ ಜೊತೆಗೆ, ಬಡ್ಡಿಯ ಕೊರತೆಯನ್ನು ಯಾವ ದಿನಾಂಕದೊಳಗೆ ತುಂಬಲಾಗುವುದು ಎಂದು ಆಡಳಿತ ವರ್ಗವನ್ನು ಬರವಣಿಗೆಯಲ್ಲಿ ಕೇಳಿರಿ. ಮೌಖಿಕ ಉತ್ತರದಿಂದ ಪ್ರಯೋಜನವಿಲ್ಲ. ಉತ್ತರ ಬಾರದಿದ್ದರೆ ಚೀಟಿಯ ಪ್ರತಿಯನ್ನೂ ತಮ್ಮ ಪತ್ರದ ಪ್ರತಿಯನ್ನೂ ಲಗತ್ತಿಸಿ ಕಲಬುರಗಿಯ ಭವಿಷ್ಯ ನಿಧಿ ಪ್ರಾದೇಶಿಕ ಕಚೇರಿಗೆ ದೂರು ಕೊಡಬಹುದು, epfigms.gov.in ತಾಣದಲ್ಲೂ ದಾಖಲಿಸಬಹುದು. ಕಲಬುರಗಿಗೆ ಹೋಗಲಾಗದವರಿಗೆ ಪ್ರತಿ ತಿಂಗಳು ಜಿಲ್ಲೆಗಳಲ್ಲಿ ನಡೆಯುವ "ನಿಧಿ ಆಪ್ಕೆ ನಿಕಟ್" ಶಿಬಿರ ಅನುಕೂಲ. ದೂರಿನಲ್ಲಿ ವಿನಾಯಿತಿ ಷರತ್ತಿನ ಉಲ್ಲಂಘನೆ ಎಂಬ ಮಾತು ಸ್ಪಷ್ಟವಾಗಿರಲಿ. ಬರೀ ಬಡ್ಡಿ ಕಡಿಮೆ ಬಂದಿದೆ ಎಂದು ಬರೆದರೆ ಅದನ್ನು ಟ್ರಸ್ಟ್‌ಗೇ ಕಳಿಸಿ ಕೈತೊಳೆದುಕೊಳ್ಳುವ ಸಂಭವವಿದೆ.

ಕಂಪನಿ ನಾಳೆ ದಿವಾಳಿ ಪ್ರಕ್ರಿಯೆಗೆ ಹೋದರೂ ಟ್ರಸ್ಟ್‌ನಲ್ಲಿರುವ ಆಸ್ತಿಗೆ ಬ್ಯಾಂಕುಗಳು ಕೈ ಹಾಕುವಂತಿಲ್ಲ. 2016ರ ದಿವಾಳಿ ಸಂಹಿತೆಯ 36ನೇ ಸೆಕ್ಷನ್ ಭವಿಷ್ಯ ನಿಧಿಯಿಂದ ಕಾರ್ಮಿಕರಿಗೆ ಸಲ್ಲಬೇಕಾದದ್ದನ್ನು ಸಾಲ ಕೊಟ್ಟವರಿಗೆ ಹಂಚುವ ಆಸ್ತಿಯಿಂದ ಹೊರಗಿಟ್ಟಿದೆ. ಟ್ರಸ್ಟ್‌ನಲ್ಲಿ ಇಲ್ಲದೇ ಹೋದ ಆ ಎರಡೂವರೆ ಕೋಟಿಯಂಥ ಕೊರತೆಯನ್ನು ಮಾತ್ರ ಕಂಪನಿಯಿಂದ ವಸೂಲು ಮಾಡಬೇಕಾಗುತ್ತದೆ, ಮತ್ತು ಅದಕ್ಕೆ ವರ್ಷಗಳೇ ಹಿಡಿಯಬಹುದು.

ಆದ್ದರಿಂದಲೇ ತಮ್ಮ ಸಂಘದ ಮುಂದೆ ಒಂದು ಸಲಹೆ ಇಡುತ್ತೇನೆ. ಸದಸ್ಯರಲ್ಲಿ ಯಾರೊಬ್ಬರೂ ಕೆಲಸದಲ್ಲಿದ್ದುಕೊಂಡೇ ತಮ್ಮ ಖಾತೆಯನ್ನು ಮಾತ್ರ ಸರ್ಕಾರದ ನಿಧಿಗೆ ವರ್ಗಾಯಿಸಿಕೊಳ್ಳಲಾಗದು, ಆದರೆ ಕಂಪನಿ ವಿನಾಯಿತಿಯನ್ನು ತಾನಾಗಿಯೇ ಬಿಟ್ಟುಕೊಡಬಹುದು. ಆಗ ಇಡೀ ಹಳೆಯ ಜಮೆಯನ್ನು ಸರ್ಕಾರದ ನಿಧಿಗೆ ಒಪ್ಪಿಸಬೇಕಾಗುವುದರಿಂದ, ಹೂಡಿಕೆಗಳಲ್ಲಿರುವ ಕೊರತೆ ಹೊರಗೆ ಬಂದು ಅದನ್ನು ಆಗಲೇ ತುಂಬಬೇಕಾಗುತ್ತದೆ. ವಾರ್ಷಿಕ ವರದಿಯಲ್ಲಿ ಕಂಪನಿ ಇನ್ನೂ ಲಾಭದಲ್ಲಿರುವುದು ಕಂಡುಬಂದರೆ, ಈ ಬೇಡಿಕೆಯನ್ನು ಮುಂದಿನ ವೇತನ ಒಪ್ಪಂದದ ಮಾತುಕತೆಯಲ್ಲೇ ಇಡಿರಿ.